ಮಣ್ಣಿನ ಗೋಡೆಗೆ ನೀರು ಬಿಟ್ಟವರು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಗಡಿಗೆ ಒಡೆಯುವವರಿಗೆ ಆ ಮಾತು ಸರಿಯಿರಬಹುದು. ಜನ ಕಿಕ್ಕಿರಿದ ಬೀದಿಯಲ್ಲಿ ಹಳೆಯ ಕಟ್ಟಡ ಕೆಡವುವವನ ಮುಂದೆ ಮಾತ್ರ ಅದನ್ನು ಆಡಬೇಡಿ, ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ರಾಯಚೂರಿನಲ್ಲಿ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜೂನಿಯರ್ ಎಂಜಿನಿಯರ್ ಆಗಿದ್ದೆ. ಬಟ್ಟೆ ಅಂಗಡಿಗಳ ಬೀದಿಯಲ್ಲಿ ನಿಜಾಮರ ಕಾಲದ ಸುಂಕದ ಕಚೇರಿಯೊಂದಿತ್ತು. ಎರಡಂತಸ್ತು, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೇಗದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬೀದಿಯ ಕಡೆ ಬಿರುಕು ಬಿಟ್ಟಿತ್ತು. ಅದನ್ನು ಕೆಡವಿ ಹೊಸ ಮಳಿಗೆ ಕಟ್ಟುವುದೆಂದು ತೀರ್ಮಾನವಾದಾಗ, ಯಾವುದು ಮೊದಲು, ಯಾವುದು ಆಮೇಲೆ, ಧೂಳಿಗೆ ಏನು, ಗೋಡೆ ನಿಲ್ಲಲು ಏನು ಎಂದು ಪೂರಾ ಬರೆದುಕೊಡಲು ನಮ್ಮ ಸಾಹೇಬರು ನನಗೆ ಹೇಳಿದರು.

ಆ ಕಚೇರಿಯ ಪಕ್ಕದ ಗೋಡೆಗೆ ಆತುಕೊಂಡು ಒಬ್ಬ ಗಡಿಯಾರ ರಿಪೇರಿಯವರ ಅಂಗಡಿ ಇತ್ತು. ವಯಸ್ಸಾದವರು, ಮನೆಯಲ್ಲಿ ದಖನಿ, ಅಂಗಡಿಯಲ್ಲಿ ನಮ್ಮ ಕನ್ನಡ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಒಬ್ಬರು ಕೂರುವಷ್ಟು ಜಾಗ. ಮೂರು ಕಡೆ ಅವರದೇ ಗೋಡೆ, ನಾಲ್ಕನೆಯದು ನಮ್ಮದು. ಅವರ ಮಾಡಿನ ಚಪ್ಪಡಿಗಳ ಒಂದು ತುದಿ ನಮ್ಮ ಗೋಡೆಯೊಳಗೆ ಹೊಕ್ಕಿತ್ತು. ಅವರ ತಂದೆಯ ಕಾಲದಲ್ಲಿ ಕಚೇರಿಯ ಯಾರೋ ಒಬ್ಬರು ಕಟ್ಟಿಕೋ ಎಂದಿದ್ದರಂತೆ, ಬಾಯಿಮಾತು ಅಷ್ಟೇ. ನಮ್ಮ ಗೋಡೆ ಹೋದರೆ ಅವರ ಅಂಗಡಿಯೂ ಹೋದಂತೆ. ಆದ್ದರಿಂದ ಆ ಗೋಡೆಯನ್ನು ಅವರ ಮಾಡಿನ ಎತ್ತರಕ್ಕೆ ಉಳಿಸುವುದೆಂದು ಬರೆದೆ.

ಬರೆದದ್ದು ಇಷ್ಟು. ಮೊದಲು ಕರೆಂಟು ತೆಗೆಸಿ ಬೀದಿಯ ಕಡೆ ಬಿದಿರು ಕಟ್ಟಿ ಗೋಣಿ ತಟ್ಟು ಇಳಿಬಿಡಬೇಕು. ಬಾಗಿಲ ಕದ ತೆಗೆಯಬಹುದು, ಚೌಕಟ್ಟು ಮುಟ್ಟಬಾರದು, ಮೇಲಿನ ಕಲ್ಲು ಅದರ ಮೇಲೆ ಕೂತಿರುತ್ತದೆ. ಮಾಳಿಗೆಯ ಮಣ್ಣನ್ನು ಎಲ್ಲ ಕಡೆ ಸಮನಾಗಿ ಇಳಿಸಿ ಆಮೇಲೆ ತೊಲೆ. ಗೋಡೆಯನ್ನು ಮೇಲಿನಿಂದ ವರಸೆ ವರಸೆಯಾಗಿ ಕೈಯಿಂದಲೇ ಬಿಚ್ಚಬೇಕು, ಹಗ್ಗ ಕಟ್ಟಿ ಎಳೆಯುವಂತಿಲ್ಲ. ಬಿಚ್ಚಿದ್ದನ್ನು ಮೇಲಂತಸ್ತಿನಲ್ಲಿ ಗುಡ್ಡೆ ಹಾಕುವಂತಿಲ್ಲ. ಚಾಚಾನ ಕಡೆಯ ಗೋಡೆ ಕೊನೆಗೆ. ಅದಕ್ಕೆ ಅಡ್ಡ ಬರುವ ಗೋಡೆಗಳನ್ನು ಮೊಳ ಮೊಳ ಮೋಟಾಗಿ ಉಳಿಸಿ, ಓರೆಯಾಗಿ ಮರದ ಕಂಬಗಳ ಆಸರೆ ಕೊಡಬೇಕು. ಧೂಳಿಗೆ ಗೋಣಿ ತೋಯಿಸಬೇಕು, ಬುಟ್ಟಿಗೆ ತುಂಬುವ ಮಣ್ಣಿಗೆ ಝಾರಿಯಿಂದ ನೀರು ಚಿಮುಕಿಸಬೇಕು. ಉಳಿಸುವ ಗೋಡೆಗೆ ಒಂದು ಹನಿ ನೀರೂ ತಾಗಬಾರದು, ಅದರ ತಲೆಗೆ ತಾಡಪಾಲು ಹೊದಿಸಬೇಕು.

ಈ ಕೊನೆಯ ಮಾತನ್ನು ನನಗೆ ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ. ನಾನು ಮಸರಕಲ್ ಕಡೆಯವನು, ಕೂಲಿಯವರ ಮನೆಯ ಮಗ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಗಳ ತಲೆ ಮುಚ್ಚುವುದೇ ನಮ್ಮವ್ವನಿಗೆ ದೊಡ್ಡ ಕೆಲಸವಾಗಿತ್ತು. ತಲೆಯಿಂದ ನೀರು ಇಳಿದರೆ ಕಲ್ಲಿನ ನಡುವಿನ ಮಣ್ಣು ರಾಡಿಯಾಗುತ್ತದೆ, ಕಲ್ಲು ಜಾರುತ್ತವೆ.

ಸಾಹೇಬರು ಓದಿ, "ಚಲೋ ಬರದೀಯಪಾ" ಎಂದು ಸಹಿ ಹಾಕಿದರು. ಕೆಲಸ ಬರೆದಂತೆಯೇ ನಡೆಯಿತು. ಆಳುಗಳು ಗೊಣಗಿದರೂ ಹಗ್ಗ ಮುಟ್ಟಲಿಲ್ಲ. ಆದರೆ ಝಾರಿಯ ನೀರಿಗೆ ಎಲ್ಲ ಧೂಳೂ ಅಡಗುವುದಿಲ್ಲ. ಗಡಿಯಾರ ಬಿಚ್ಚುವವನಿಗೆ ಧೂಳಿಗಿಂತ ದೊಡ್ಡ ವೈರಿ ಇಲ್ಲ. ಚಾಚಾ ಅಂಗಡಿಗೆ ಒದ್ದೆ ಪರದೆ ಕಟ್ಟಿ, ಬಿಚ್ಚಿದ ಗಡಿಯಾರವನ್ನು ಗಾಜಿನ ಬಟ್ಟಲಿನಲ್ಲಿ ಮುಚ್ಚಿ, ಕೆಮ್ಮುತ್ತ ಕೂತಿರುತ್ತಿದ್ದರು.

"ಇನ್ನೊಂದಿಷ್ಟು ನೀರು ಹೊಡಸ್ರಲ್ಲ ಸಾಹೇಬ್ರ."

"ಹೊಡಸಬೌದು ಚಾಚಾ. ನಿಮ್ಮ ಗೋಡಿ ಕುಂದರತದ."

ಅವರು ಗೋಡೆಯನ್ನೊಮ್ಮೆ ತಟ್ಟಿ ನೋಡಿದರು. "ಹಂಗಾರ ಬ್ಯಾಡ್ರಿ. ಧೂಳು ಒರಸಿದ್ರ ಹೋಗತದ" ಎಂದರು. ಇಡೀ ಬೀದಿಯಲ್ಲಿ ತಿಳಿವಳಿಕೆಯಿದ್ದದ್ದು ಅವರೊಬ್ಬರಿಗೇ.

ಅದು ಮದುವೆಗಳ ಕಾಲ. ಎದುರಿನ ಬಟ್ಟೆ ಅಂಗಡಿಯವರ ಸೀರೆಗಳ ಮೇಲೆ ಧೂಳು ಕೂತಿತು. ಅವರು ಗುಂಪು ಕಟ್ಟಿಕೊಂಡು ಸಾಹೇಬರ ಹತ್ತಿರ ಹೋದರು. ಅಂದು ನಾನು ವಿಶ್ರಾಂತಿಗೃಹದ ಮಾಡು ಸೋರುವುದನ್ನು ನೋಡಲು ಮಾನ್ವಿಗೆ ಹೋಗಿದ್ದೆ. ಆಗ ಮೇಲಂತಸ್ತು ಪೂರಾ ಇಳಿದಿತ್ತು, ಬೇರೆ ಗೋಡೆಗಳೂ ಮೊಣಕಾಲೆತ್ತರಕ್ಕೆ ಬಂದಿದ್ದವು, ಉಳಿಸುವ ಗೋಡೆ ಆಸರೆಯ ಮೇಲೆ ಸುಮ್ಮನೆ ನಿಂತಿತ್ತು. ಉಳಿದದ್ದು ಬರೀ ಮಣ್ಣು ಸಾಗಿಸುವ ಕೆಲಸ.

ಮರುದಿನ ಮಧ್ಯಾಹ್ನ ಬಂದು ನೋಡಿದರೆ ಬೀದಿಯೆಲ್ಲ ಕೆಸರು. ನಾನು ಇಲ್ಲದಾಗ ಸಾಹೇಬರು ನೀರಿನ ಟ್ಯಾಂಕರು ಕಳಿಸಿದ್ದರು. ಪೈಪು ಹಿಡಿದವನು ಮಣ್ಣಿನ ಗುಡ್ಡೆಗೆ ಬಿಟ್ಟ, ಮೋಟು ಗೋಡೆಗಳಿಗೆ ಬಿಟ್ಟ. ತಾಡಪಾಲಿನ ಮೇಲೂ ಧೂಳಿತ್ತಲ್ಲ, ಅದನ್ನು ಎಳೆದು ಬಿಸಾಕಿ ಗೋಡೆಯ ತಲೆಯನ್ನೂ ತೊಳೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಸ್ತ್ರಿ ತಡೆದನಂತೆ. "ಸಾಹೇಬ್ರ ಹುಕುಂ ಅದ" ಎಂದನಂತೆ ಟ್ಯಾಂಕರಿನವನು.

ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಸಂದಿಯಿಂದ ಕೆಂಪು ರಾಡಿ ಇಳಿಯುತ್ತಿತ್ತು. ಆಸರೆ ಕಂಬಗಳ ಬುಡದ ನೆಲವೂ ನೆನೆದು ಕಂಬಗಳು ಕುಸಿದಿದ್ದವು. ಆಚೆ ಚಾಚಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತ ಕೂತಿದ್ದರು. ಅಂದು ಧೂಳಿರಲಿಲ್ಲ, ಖುಷಿಯಾಗಿದ್ದರು.

ಕೈ ಹಿಡಿದು ಹೊರಗೆ ಎಳೆದೆ. ಗಡಿಯಾರಗಳನ್ನು ಟ್ರೇ ಸಮೇತ ಎತ್ತಿಸಿದೆ. ಹೊಸ ಆಸರೆ ಕೊಡೋಣವೆಂದರೆ ಕಂಬ ಒತ್ತಿದ ಕಡೆ ಕಲ್ಲೇ ಒಳಗೆ ಹೋಗುತ್ತಿತ್ತು. ಹಾಗೇ ಬಿಟ್ಟರೆ ಚಪ್ಪಡಿಗಳ ಭಾರಕ್ಕೆ ಗೋಡೆ ಕುಸಿದು ಕಲ್ಲು ಬೀದಿಗೂ ಉರುಳುತ್ತವೆ. ಉಳಿದಿದ್ದು ಒಂದೇ ದಾರಿ: ಜನರನ್ನು ದೂರ ಸರಿಸಿ, ಮೊದಲು ಅವರ ಮಾಡಿನ ಚಪ್ಪಡಿ ಇಳಿಸುವುದು, ಆಮೇಲೆ ಗೋಡೆ. ಚಾಚಾ ಎದುರಿನ ಕಟ್ಟೆಯ ಮೇಲೆ ಟ್ರೇ ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ನಾನು ಆಳುಗಳಿಂದ ಒಂದೊಂದೇ ಚಪ್ಪಡಿ, ಆಮೇಲೆ ಗೋಡೆ ಇಳಿಸಿದೆ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಹೊಸ ಗೋಡೆ ಕಟ್ಟಿಸಿ ಅಂಗಡಿ ನಿಲ್ಲಿಸಿಕೊಡಬೇಕು ಎಂದು ಸಾಹೇಬರ ಮುಂದೆ ನಿಂತೆ. ತಪ್ಪು ಯಾರದು ಎಂದೂ ಹೇಳಿದೆ. ಅವರಿಗೆ ಸಿಟ್ಟು ಕೂಡ ಬರಲಿಲ್ಲ, ಅದೇ ನನಗೆ ಇವತ್ತಿಗೂ ಉರಿಯುವುದು.

"ಗೋಡಿ ಸರ್ಕಾರದ್ದು, ಗೋಡಿ ಹೋತು. ಅದರಾಗ ಅಂವದೇನದ?" ಎಂದರು. "ಧೂಳು ಕಡಿಮಿ ಆತಂತ ಬಜಾರದವರು ಖುಷಿ ಆಗ್ಯಾರ. ಕೆಡವೋದು ಮುಗೀತು, ನೀ ಹೋಗು."

ಕೆಲವೇ ದಿನದಲ್ಲಿ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಊರಿನ ಹತ್ತಿರ ಬಂದೆಯಲ್ಲ ಎಂದು ನಮ್ಮವರಿಗೆ ಸಂತೋಷ. ರಾಯಚೂರಿನಲ್ಲಿ ಹೊಸ ಮಳಿಗೆ ಎದ್ದಿತು. ಎದುರಿನವರೇ ಅದರಲ್ಲೂ ಅಂಗಡಿ ಹಿಡಿದರು. ಆ ಗಡಿಯಾರದ ಅಂಗಡಿಯಿದ್ದ ಜಾಗ ಮೇಲೆ ಹತ್ತುವ ಮೆಟ್ಟಿಲಾಯಿತು.

ಮುಂದೆ ಒಮ್ಮೆ ರಾಯಚೂರಿಗೆ ಹೋದಾಗ ಚಾಚಾ ಕಂಡರು. ಬಸ್ಸುಗಳು ತಿರುಗುವ ರಸ್ತೆಯ ಅಂಚಿಗೆ, ಒಂದು ಕೊಡೆಯ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಗುರುತು ಹಿಡಿದು, "ಬರ್ರಿ ಸಾಹೇಬ್ರ" ಎಂದರು. ಏನಾದರೂ ಕೊಡಬೇಕು, ಏನಾದರೂ ಮಾಡಬೇಕು ಅನ್ನಿಸಿ ನನ್ನ ಕೈಗಡಿಯಾರ ಬಿಚ್ಚಿ ಮುಂದಿಟ್ಟೆ. ಹಿಂದೆ ಬೀಳುತ್ತದೆ, ನೋಡಿ ಎಂದೆ. ಅವರು ಕಿವಿಗಿಟ್ಟು ಕೇಳಿದರು, ಗಾಜು ಒರೆಸಿದರು, ತೆರೆಯದೆ ವಾಪಸು ಕೊಟ್ಟರು.

"ಪಟ್ಟಿ ಬೇಕಾರ ಹಾಕತೀನ್ರಿ. ಮಷೀನು ಈಗ ಬಿಚ್ಚಂಗಿಲ್ಲ. ಇಲ್ಲಿ ಧೂಳು ಅದ."