ಮೈಕಣ್ಣನ ಕಾರ್ಡು

ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ನೆತ್ತಿಗೆ ತಾಗುವಷ್ಟು ತಗ್ಗಿನ ಜಾಗದಲ್ಲಿ ಅವಳ ಮೊಬೈಲ್ ರಿಪೇರಿ ಅಂಗಡಿ. ಒಂದು ಮೇಜು, ಒಂದು ಭೂತಗನ್ನಡಿ, ಹೊಗೆಯಾಡುವ ಬೆಸುಗೆ ಕಡ್ಡಿ, ಹಳೆಯದೊಂದು ಕಂಪ್ಯೂಟರ್. ಡ್ರೈವರು, ಕಂಡಕ್ಟರುಗಳಿಂದ ಹಿಡಿದು ಹೂ ಮಾರುವವರ ತನಕ ಎಲ್ಲರಿಗೂ ಅವಳು ರಿಪೇರಿ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನ ಸ್ಟೂಲಿನ ಮೇಲೇ ಕೂತು ಕೆಲಸ ಕಲಿತವಳು. ಕಲಿಸುವವರಿರಲಿಲ್ಲ. ನೂರು ಫೋನ್ ಕೆಡಿಸಿ ನೂರೊಂದನೆಯದನ್ನು ಸರಿ ಮಾಡಿದೆ ಎಂದು ತಾನೇ ನಗುತ್ತಿದ್ದಳು. ಒಂದು ವಿಷಯ ಬಂದಾಗ ಮಾತ್ರ ನಗುತ್ತಿರಲಿಲ್ಲ.

ಅದು ಮೈಕಣ್ಣನ ವಿಷಯ. ಇಪ್ಪತ್ತಾರು ವರ್ಷ ಆ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದವನು ಅವನು. ಅವನ ದನಿ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಅಂಥವನ ಗಂಟಲಲ್ಲೇ ಗೆಡ್ಡೆ ಬೆಳೆಯಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು ಎಂದರು ವೈದ್ಯರು. ಆಪರೇಷನ್ನಿಗೆ ಮೊದಲಿನ ವಾರ ಆಸ್ಪತ್ರೆಯ ಹಾಸಿಗೆಯ ಪಕ್ಕ ಮಗಳು ತನ್ನ ಫೋನ್ ಹಿಡಿದು ಕೂತಳು. ಅಪ್ಪ ಕತೆ ಹೇಳಿದ, ತಮಾಷೆ ಮಾಡಿದ, ಇನ್ನೂ ಹುಟ್ಟದ ಮೊಮ್ಮಗುವನ್ನು ಕರೆದ. ಒಟ್ಟು ನಲವತ್ತು ತುಣುಕು. ಮಗಳು ಎಲ್ಲವನ್ನೂ ಆನ್‌ಲೈನಿಗೆ ಏರಿಸಿದಳು. ಅಪ್ಪ ತನ್ನ ಫೋನಿಗೆ ಇಳಿಸಿಕೊಂಡ. ಅವನ ಫೋನಿನ ಹೊಟ್ಟೆ ಮೊದಲೇ ತುಂಬಿತ್ತು. ಹೊಸ ಮೆಮೊರಿ ಕಾರ್ಡ್ ಹಾಕಿ, ಇನ್ನು ಮುಂದೆ ಡೌನ್‌ಲೋಡ್ ಎಲ್ಲ ಕಾರ್ಡಿಗೇ ಹೋಗುವಂತೆ ಸೆಟ್ ಮಾಡಿಕೊಟ್ಟವಳು ರಿಪೇರಿ ಅಕ್ಕನೇ. ಕಾರ್ಡನ್ನು ಹೊರಗೆ ತೆಗೆಯುವ ಮುಂಚೆ ಸೆಟ್ಟಿಂಗ್ಸಿಗೆ ಹೋಗಿ 'ಇಜೆಕ್ಟ್' ಒತ್ತಬೇಕು ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಆಗ ಅವಳಿಗೂ ಅದೇನು ದೊಡ್ಡ ವಿಷಯ ಅನಿಸಿರಲಿಲ್ಲ.

ಅಪ್ಪನ ಕಾರ್ಡಿನಲ್ಲಿ ಭದ್ರವಾಗಿದೆಯಲ್ಲ ಎಂದು ಮಗಳು ಹೆರಿಗೆಯ ಫೋಟೊಗಳಿಗೆ ಜಾಗ ಮಾಡಲು ತನ್ನ ಫೋನಿನಲ್ಲಿದ್ದದ್ದನ್ನೂ ಆನ್‌ಲೈನಿನಲ್ಲಿದ್ದದ್ದನ್ನೂ ಅಳಿಸಿದಳು.

ಆಪರೇಷನ್ ಮುಗಿದು ದನಿ ಹೋದ ಮೇಲೆ, ಒಂದು ಮಧ್ಯಾಹ್ನ ಮೈಕಣ್ಣ ಸಿನಿಮಾ ಒಂದನ್ನು ಇಳಿಸುತ್ತಿದ್ದ. ಅರ್ಧದಲ್ಲಿ ನಿಂತಿತು. ತಾಳ್ಮೆಗೆಟ್ಟು, ಕೆಟ್ಟ ಟಾರ್ಚಿನ ಸೆಲ್ಲು ತೆಗೆದು ಹಾಕುವ ಹಾಗೆ, ಕಾರ್ಡನ್ನು ಸರಕ್ಕನೆ ಎಳೆದು ಮತ್ತೆ ಸಿಕ್ಕಿಸಿದ. ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ ಎಂದಿತು ಫೋನು. ಅವನು ಅದನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟು ಸ್ಲೇಟಿನಲ್ಲಿ ಬರೆದ: "ನನ್ನ ಮಾತು ಇದರಲ್ಲಿದೆ ತಾಯಿ."

ಅಕ್ಕ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಅದೂ ಅದೇ ಮಾತು ಹೇಳಿತು. ಎರಡು ಸಲ ತೆಗೆದು ಹಾಕಿದಳು, ಮತ್ತದೇ. ಕಾರ್ಡ್ ಸತ್ತಿದೆ, ಒಳಗಿದ್ದದ್ದು ಹೋಯಿತು ಎಂದೇ ನಂಬಿದಳು. ಫಾರ್ಮ್ಯಾಟ್ ಒತ್ತಿದಳು. ಕ್ಷಣದಲ್ಲಿ ಕಾರ್ಡು ಹೊಸದರಂತಾಯಿತು, ಖಾಲಿ.

"ಕಾರ್ಡ್ ಸರಿಯಾಯ್ತು ಅಣ್ಣ. ಆದ್ರೆ ಒಳಗಿರೋದು ಏನೂ ಉಳಿದಿಲ್ಲ," ಎಂದಳು. ಅವನ ಮುಖ ನೋಡಲಾಗದೆ, ಬರಿಗೈಯಲ್ಲಿ ಕಳಿಸಬಾರದೆಂದು, ತನ್ನ ಬಳಿಯಿದ್ದ ಹಳೆಯ ಹಾಡುಗಳನ್ನೆಲ್ಲ ಅದಕ್ಕೆ ತುಂಬಿಕೊಟ್ಟಳು. ಅವನು ಕೈ ಮುಗಿದು ಹೋದ.

ಮೂರು ವರ್ಷ ಕಳೆದ ಮೇಲೆ ಅವಳು ಅಳಿದುಹೋದ ಫೈಲುಗಳನ್ನು ಮರಳಿ ಪಡೆಯುವ ಕೆಲಸ ಕಲಿಯಲು ನಾಲ್ಕು ದಿನದ ತರಬೇತಿಗೆ ಹೋದಳು. ಮೊದಲ ದಿನವೇ ಕಲಿಸುವಾತ ಹೇಳಿದ: "ಕ್ಷಣದಲ್ಲಿ ಮುಗಿಯೋ ಫಾರ್ಮ್ಯಾಟ್ ಅಂದ್ರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿ ಹರಿದ ಹಾಗೆ ಅಷ್ಟೆ. ಪುಟಗಳು ಒಳಗೇ ಇರ್ತವೆ. ಅದರ ಮೇಲೆ ಹೊಸದಾಗಿ ಏನಾದ್ರೂ ಬರೆದಾಗಲೇ ನಿಜವಾಗಿ ಹೋಗೋದು. ಅದಕ್ಕೇ ಕೆಟ್ಟ ಕಾರ್ಡಿಗೆ ಏನನ್ನೂ ಹಾಕಬೇಡಿ. ಮೊದಲು ಇಡೀ ಕಾರ್ಡಿನ ನಕಲು ತೆಗೀರಿ, ಆಮೇಲೆ ಆ ನಕಲಿನ ಮೇಲೆ ಕೆಲಸ ಮಾಡಿ."

ಬೆಂಚಿನಲ್ಲಿ ಕೂತಿದ್ದ ಅವಳಿಗೆ ಮೈಕಣ್ಣನ ಕಾರ್ಡು ನೆನಪಾಯಿತು. ಕಾರ್ಡು ಸತ್ತಿರಲಿಲ್ಲ. ಮಾತುಗಳು ಅದರೊಳಗೇ ಇದ್ದವು. ಅವುಗಳ ಮೇಲೆ ತಾನೇ ಕೈಯಾರೆ ಹಾಡು ಸುರಿದಿದ್ದಳು.

ಅಂದಿನಿಂದ ಅಂಗಡಿಯಲ್ಲಿ ಕೂರುವುದೇ ಕಷ್ಟವಾಯಿತು. ಮೈಕಣ್ಣ ದಿನಾ ಬೆಳಿಗ್ಗೆ ನಿಲ್ದಾಣಕ್ಕೆ ಬರುತ್ತಿದ್ದ, ಹಳೆ ಚಾಳಿ. ಕುತ್ತಿಗೆಗೆ ಮಡಿಸಿದ ಬಟ್ಟೆ ಕಟ್ಟಿಕೊಂಡು ಅಂಗಡಿಯ ಮುಂದೆ ನಿಂತು ಕೈಯೆತ್ತಿ ನಗುತ್ತಿದ್ದ. ಮೇಲೆ ಯಂತ್ರದ ಹೆಂಗಸಿನ ದನಿ ಬಸ್ಸು ಕೂಗುತ್ತಿತ್ತು. ಕೆಳಗೆ ಅವನ ತುಟಿ ಅದೇ ಊರುಗಳ ಹೆಸರನ್ನು ಸದ್ದಿಲ್ಲದೆ ಆಡುತ್ತಿತ್ತು. ಅವಳು ತಲೆ ಬಗ್ಗಿಸಿ ಫೋನಿನ ಸ್ಕ್ರೂ ಬಿಚ್ಚುತ್ತಿದ್ದಳು. ಅವನ ಕಾರ್ಡಿಗೆ ತುಂಬಿದ್ದ ಹಾಡು ಎಲ್ಲಿಂದಲಾದರೂ ಕೇಳಿದರೆ ಅದರಡಿಯಲ್ಲಿ ಯಾರೋ ಕೂಗಿ ಕೂಗಿ ಸೋತಂತೆ ಅನಿಸುತ್ತಿತ್ತು. ಗಿರಾಕಿಗಳಿಗೆ, "ಇಜೆಕ್ಟ್ ಒತ್ತದೆ ಕಾರ್ಡ್ ತೆಗೀಬೇಡಿ, ಬೇಕಾದ್ದನ್ನ ಒಂದೇ ಕಡೆ ಇಡಬೇಡಿ," ಎಂದು ಹೇಳುವಾಗ ದನಿ ಜೋರಾಗುತ್ತಿತ್ತು. "ಅಕ್ಕನಿಗೆ ಏನೋ ಮೆಟ್ಟಿಕೊಂಡಿದೆ," ಎಂದು ಕಂಡಕ್ಟರುಗಳು ಆಡಿಕೊಂಡರು.

ಹದಿನೈದು ದಿನ ಒಳಗೇ ಬೆಂದು, ಒಂದು ದಿನ ಅವನನ್ನು ಕರೆದು ಕೂರಿಸಿದಳು. "ಅಣ್ಣ, ಅವತ್ತು ನಾನೇ ಹಾಳು ಮಾಡಿದ್ದು. ಫಾರ್ಮ್ಯಾಟ್ ಮಾಡಿ ಸುಮ್ನಿದ್ರೂ ಏನಾದ್ರೂ ಸಿಗ್ತಿತ್ತೇನೋ. ಮೇಲೆ ಹಾಡು ತುಂಬಿದೆ. ಗೊತ್ತಿರ್ಲಿಲ್ಲ ಅಣ್ಣ."

ಅವನು ಸ್ಲೇಟು ಎತ್ತಿಕೊಂಡ. ಬರೆದದ್ದು ಒಂದೇ ಸಾಲು: "ಕಿತ್ತವನು ನಾನು."

ಆಮೇಲೆ ಫೋನನ್ನು ಮುಂದೆ ತಳ್ಳಿದ. ಅಂದು ಕೈ ಸುಟ್ಟುಕೊಂಡವನು ಮತ್ತೆ ಆ ಕಾರ್ಡಿಗೆ ಏನನ್ನೂ ಇಳಿಸಿರಲಿಲ್ಲ. ಹಾಡು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ, ಕೊನೆಯಲ್ಲಿ ಒಂದಿಷ್ಟು ಜಾಗ ಖಾಲಿಯಿತ್ತು. ಅವಳು ಫೋನ್ ಆಫ್ ಮಾಡಿ ಕಾರ್ಡು ತೆಗೆದಳು. ಇಡೀ ಕಾರ್ಡಿನ ನಕಲು ತೆಗೆದು, ನಕಲನ್ನು ಹುಡುಕಲು ಬಿಟ್ಟಳು. ಮಧ್ಯಾಹ್ನವೆಲ್ಲ ಹಸಿರು ಗೆರೆ ಇಂಚಿಂಚೇ ತೆವಳಿತು. ಹೆಸರು ಕಳೆದುಕೊಂಡು ಬರೀ ನಂಬರಾಗಿದ್ದ ಎಂಟು ಫೈಲು ಸಿಕ್ಕವು. ಏಳು ತೆರೆಯಲಿಲ್ಲ. ಎಂಟನೆಯದು ಹನ್ನೊಂದು ಸೆಕೆಂಡಿನದು.

ಒಂದು ಕೆಮ್ಮು. ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ಆ ದನಿ, ನಿಲ್ದಾಣದ ಕಂಬಗಳಿಗೂ ಗುರುತಿದ್ದ ದನಿ:

"ಆನ್ ಆಯ್ತೇನಮ್ಮ? ಕೇಳ್ತಾ ಇದೆಯಾ? ಮಾತಾಡ್ಲಾ?"

ಅಷ್ಟೇ. ಕತೆಯಿಲ್ಲ, ಮೊಮ್ಮಗುವಿನ ಕರೆಯಿಲ್ಲ.

ಮೈಕಣ್ಣ ಕದಲಲಿಲ್ಲ. ಎಡಗೈ ತಾನಾಗಿ ಕುತ್ತಿಗೆಯ ಬಟ್ಟೆಯ ಮೇಲೆ ಹೋಯಿತು. ಮತ್ತೆ ಹಾಕು ಎಂದು ಬೆರಳು ತಿರುಗಿಸಿದ. ಮೂರನೆಯ ಸಲಕ್ಕೆ, ಹೊರಗೆ ಹೋಗು ಎಂದು ಸನ್ನೆ ಮಾಡಿದ. ಅವಳು ತನ್ನ ಅಂಗಡಿಯಿಂದ ತಾನೇ ಹೊರಗೆ ಬಂದು ಮೆಟ್ಟಿಲಿಗೆ ಒರಗಿ ನಿಂತಳು. ಒಳಗಿನಿಂದ ಅದೇ ಮಾತು, ಮತ್ತೆ, ಮತ್ತೆ. ಹಾದುಹೋಗುತ್ತಿದ್ದ ಮುದಿ ಡ್ರೈವರೊಬ್ಬ ಗಕ್ಕನೆ ನಿಂತ. ಮೆಟ್ಟಿಲ ಕಡೆ ನೋಡಿದ. ಬಿಳುಚಿಕೊಂಡ ಮುಖದಲ್ಲಿ ಬೇಗ ಬೇಗ ನಡೆದುಬಿಟ್ಟ.

ಆ ತುಣುಕನ್ನು ಅವಳು ನಾಲ್ಕು ಕಡೆ ಉಳಿಸಿಕೊಟ್ಟಳು: ಫೋನಿನಲ್ಲಿ, ಹೊಸ ಕಾರ್ಡಿನಲ್ಲಿ, ಆನ್‌ಲೈನಿನಲ್ಲಿ, ಮಗಳ ಫೋನಿನಲ್ಲಿ. ಅದನ್ನು ಪಡೆಯಲು ಬಂದ ಮಗಳು, "ಇಷ್ಟೇನಾ ಸಿಕ್ಕಿದ್ದು?" ಎಂದಳು. ಅಕ್ಕನ ಜೊತೆ ಇವತ್ತಿಗೂ ಮಾತಾಡಿಲ್ಲ. ಮೈಕಣ್ಣ ಮಾತ್ರ ಇನ್ನೂ ಬರುತ್ತಾನೆ. ಅಕ್ಕ ಈಗ ತಲೆ ಬಗ್ಗಿಸುವುದಿಲ್ಲ. ಆದರೆ ಯಾರಾದರೂ ಕಾರ್ಡು ತಂದು ಮೇಜಿನ ಮೇಲಿಟ್ಟಾಗ, ಮುಟ್ಟುವ ಮುಂಚೆ ಒಂದು ಗಳಿಗೆ ಅದಕ್ಕೆ ಕಿವಿಗೊಡುತ್ತಾಳೆ. ಅದರೊಳಗೆ ಯಾರೋ 'ಮಾತಾಡ್ಲಾ?' ಎಂದು ಅಪ್ಪಣೆಗಾಗಿ ಕಾಯುತ್ತಿದ್ದಾರೆ ಎಂದು ಅವಳಿಗನಿಸುತ್ತದೆ.