ಏಳುನೂರೈವತ್ತು ಕಾಯಿಗೆ ಎಷ್ಟು ಚೀಲ

ನನಗೆ ಸಿಟ್ಟು ಬೇಗ ಬರುತ್ತದೆ. ಉತ್ತರಪತ್ರಿಕೆ ತಿದ್ದುವಾಗ ಇನ್ನೂ ಬೇಗ.

ಶೆಟ್ಟಿಕೆರೆ ಕಡೆಯ ಒಂದು ಹೈಸ್ಕೂಲಿಗೆ ಗಣಿತ ಹೇಳಿಕೊಡಲು ಬಂದು ಆಗ ಮೂರನೆಯ ವರ್ಷ. ನಾನು ಮೈಸೂರಿನವಳು, ಅಂಗಡಿಯಲ್ಲಿ ಒಂದೊಂದೇ ಕಾಯಿ ಕೊಂಡು ಬೆಳೆದವಳು. ಪುಸ್ತಕದ ಲೆಕ್ಕಗಳಲ್ಲಿ ದೋಣಿ ಹೊಳೆಯ ಹರಿವಿಗೆ ಎದುರಾಗಿಯೇ ಹೋಗುತ್ತಿರುತ್ತದೆ. ನಮ್ಮ ಮಕ್ಕಳು ದೋಣಿಯನ್ನೇ ಕಂಡವರಲ್ಲ. ಹಾಗಾಗಿ ಹತ್ತನೇ ತರಗತಿಯ ಕಿರುಪರೀಕ್ಷೆಗೆ ಊರಿಗೆ ಒಪ್ಪುವಂಥ ಲೆಕ್ಕವೊಂದನ್ನು ನಾನೇ ಕಟ್ಟಿದೆ. ಕಟ್ಟಿ ಹೆಮ್ಮೆಯನ್ನೂ ಪಟ್ಟೆ.

'ವ್ಯಾಪಾರಿಯೊಬ್ಬ ರೈತನಿಂದ 750 ತೆಂಗಿನಕಾಯಿ ಕೊಂಡು 12 ಚೀಲಗಳಿಗೆ ತುಂಬಿದ. ದೊಡ್ಡ ಚೀಲಕ್ಕೆ 80 ಕಾಯಿ, ಸಣ್ಣದಕ್ಕೆ 50. ಎಲ್ಲ ಚೀಲಗಳೂ ಭರ್ತಿ. ಯಾವ ಚೀಲ ಎಷ್ಟು? ಸಮೀಕರಣ ರಚಿಸಿ ಆದೇಶ ವಿಧಾನ, ವರ್ಜಿಸುವ ವಿಧಾನ ಮತ್ತು ನಕ್ಷೆಯಿಂದ ಬಿಡಿಸಿ.' ಐದು ಅಂಕ.

ದೊಡ್ಡ ಚೀಲ x, ಸಣ್ಣದು y. x + y = 12; 80x + 50y = 750, ಹತ್ತರಿಂದ ಭಾಗಿಸಿದರೆ 8x + 5y = 75. ಉತ್ತರ ಐದು ಮತ್ತು ಏಳು. ಇಡೀ ತರಗತಿಯಲ್ಲಿ ಒಬ್ಬಳು ಮಾತ್ರ ಆರು ಮತ್ತು ಆರು ಎಂದು ಬರೆದಿದ್ದಳು.

ಅವಳು ನಮ್ಮ ಥ್ರೋಬಾಲ್ ತಂಡದ ಕ್ಯಾಪ್ಟನ್. ಕಿರುಪರೀಕ್ಷೆಯಲ್ಲಿ ಪಾಸಾಗದವರನ್ನು ತಿಪಟೂರಿನ ಪಂದ್ಯಕ್ಕೆ ಕಳಿಸುವುದಿಲ್ಲ ಎಂಬುದು ಹೆಡ್‌ಮಾಸ್ಟರರ ಕಾನೂನು. ನಲವತ್ತಕ್ಕೆ ಹದಿನಾಲ್ಕು ಬೇಕು, ಅವಳಿಗೆ ಬಂದದ್ದು ಹನ್ನೊಂದು. ಸೋಮವಾರ ಬೆಳಿಗ್ಗೆ ತಂಡದ ಪಟ್ಟಿ ಹೋಗಬೇಕಿತ್ತು.

ಶನಿವಾರ ಅವಳು ಪತ್ರಿಕೆ ಹಿಡಿದು ಬಂದಳು. ಎರಡನೆಯ ಸಮೀಕರಣದಲ್ಲಿ 750 ಇರಬೇಕಾದ ಕಡೆ 780 ಎಂದಿತ್ತು, ಅಂದರೆ 8x + 5y = 78. ಅಲ್ಲಿಂದ ಮುಂದೆ ಒಂದು ತಪ್ಪೂ ಇಲ್ಲ. y ಜಾಗಕ್ಕೆ 12 − x ಹಾಕಿದ್ದಾಳೆ: 8x + 60 − 5x = 78, 3x = 18, x ಆರು. ಮೊದಲನೆಯದನ್ನು ಐದರಿಂದ ಗುಣಿಸಿ ಕಳೆದಿದ್ದಾಳೆ, ಮತ್ತೆ 3x = 18. ನಕ್ಷೆಯಲ್ಲಿ ಒಂದು ಗೆರೆ (0, 12), (12, 0) ಮೂಲಕ. ಇನ್ನೊಂದು (1, 14)ರಿಂದ ಇಳಿದು ಅದನ್ನು (6, 6)ರಲ್ಲಿ ಕತ್ತರಿಸುತ್ತದೆ. ಪೆನ್ಸಿಲನ್ನು ಚೂಪು ಮಾಡಿಕೊಂಡೇ ಎಳೆದಿದ್ದಳು.

"ಪ್ರಶ್ನೇಲಿ ಇರೋ ಸಂಖ್ಯೇನೇ ನೋಡಿ ಬರೆಯಕ್ಕೆ ಬರಲ್ವಾ ನಿಂಗೆ?"

"ಮಿಸ್, ಕೊಂಡಿದ್ದು ಏಳ್ನೂರೈವತ್ತು ಅಂದ್ರೆ ಚೀಲಕ್ಕೆ ಬೀಳೋದು ಏಳ್ನೂರೆಂಬತ್ತು ಕಣ್ ಮಿಸ್. ನೂರಕ್ಕೆ ನಾಕು ಮೇಲೆ ಕೊಡ್ತಾರಲ್ಲ, ಕೊಳೆತಿದ್ದು ಒಡೆದಿದ್ದಕ್ಕೆ ಅಂತ."

"ಇಲ್ಲದ ಮೂವತ್ತು ಕಾಯಿ ಹುಟ್ಟಿಸಿಕೊಂಡು ಅಂಕ ಕೇಳ್ತೀಯಾ? ಸಮೀಕರಣವೇ ತಪ್ಪು. ಸೊನ್ನೆ."

ಹುಡುಗಿ ಅಳಲಿಲ್ಲ. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಮರುದಿನ, ಭಾನುವಾರ, ಮೈಸೂರಿನ ಅಮ್ಮನಿಗೆ ಕಾಯಿ ಬೇಕಿತ್ತು. ನಾನು ಬಂದಾಗಿನಿಂದ ಕೊಳ್ಳುವುದು ಆ ಹುಡುಗಿಯ ಅಜ್ಜಿಯ ಹತ್ತಿರವೇ. ಅಂಗಳದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಜ್ಜಿ ಜೋಡಿ ಜೋಡಿಯಾಗಿ ಎಣಿಸಿ ನನ್ನ ಚೀಲಕ್ಕೆ ಹಾಕಿದರು. ಇಪ್ಪತ್ತೈದು ಜೋಡಿಗೆ ಕೈ ಕೊಡವಿಕೊಂಡು ಎದ್ದರು.

"ಅಜ್ಜಿ, ಇನ್ನೆರಡು?" ಎಂದೆ.

ಬಾಯಿಂದ ಬಂದೇಬಿಟ್ಟಿತು. ಮೂರು ವರ್ಷದಿಂದ ಐವತ್ತು ಕೊಂಡು ಐವತ್ತೆರಡು ಹೊತ್ತೊಯ್ದ ಬಾಯಿ ಅದು. ಆ ಎರಡು ಕಾಯಿ ಏಕೆ ಬರುತ್ತವೆಂದು ಗಣಿತದವಳು ಒಮ್ಮೆಯೂ ಕೇಳಿರಲಿಲ್ಲ, ಅಜ್ಜಿಯ ಪ್ರೀತಿ ಎಂದುಕೊಂಡಿದ್ದೆ.

"ಅದೆಂಗಾಯ್ತದೆ ಮೇಡಮ್ಮೋರೆ?" ಅಜ್ಜಿಯ ಮುಖದಲ್ಲಿ ನಗುವಿನ ಸುಳಿವೂ ಇಲ್ಲ. "ಇಲ್ದೆ ಇರೋ ಕಾಯ್ನ ನಾನೆಲ್ಲಿಂದ ಹುಟ್ಸಿಕೊಡ್ಲಿ?"

ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಯಾರೆಂದು ಬೇರೆ ಹೇಳಬೇಕಾಗಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

"ನಾಳೆ ಪ್ರಾಕ್ಟೀಸಿಗೆ ಬೂಟು ಬ್ಯಾಗಿಗೆ ಹಾಕ್ಕೊಂಡು ಬಾ," ಎಂದು ಬಾಗಿಲ ಕಡೆ ನೋಡಿ ಹೇಳಿದೆ. ಅಜ್ಜಿ ತಕ್ಷಣ ಬಗ್ಗಿ ಎರಡು ಕಾಯಿ ಹಾಕಿದರು, ರಾಶಿಯಲ್ಲೇ ದಪ್ಪನೆಯವು.

ಸೋಮವಾರ ಹನ್ನೊಂದನ್ನು ಹೊಡೆದುಹಾಕಿ ಹದಿನಾರು ಮಾಡಿದೆ. ಹೆಡ್‌ಮಾಸ್ಟರರು ಪತ್ರಿಕೆ ನೋಡಿದರು. ಅವರಿಗೂ ತೆಂಗಿನ ತೋಟವಿದೆ. "ಆರು, ಆರು. ಸರಿಯಾಗೇ ಐತಲ್ರೀ. ಐದು, ಏಳು ಬರೆದೋರಿಗೆ ಅದ್ಯಾಕ್ರೀ ಅಂಕ ಕೊಟ್ರಿ?" ಎಂದರು. ಪ್ರಶ್ನೆಯಲ್ಲಿ ಬರೆದದ್ದು ಅಷ್ಟೇ ಸಾರ್ ಎಂದು ಆ ಮಕ್ಕಳನ್ನು ಉಳಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ಮುಂದಿನ ಪರೀಕ್ಷೆಗೆ ಎಚ್ಚರದಿಂದ ಬರೆದೆ: 'ವ್ಯಾಪಾರಿಯೊಬ್ಬ ರೈತನಿಂದ 600 ಕಾಯಿ ಕೊಂಡ, ರೈತ ಮೇಲೆ ಕಾಯಿ ಕೊಟ್ಟಿಲ್ಲ.' ಕ್ಯಾಪ್ಟನ್ ಪ್ರಶ್ನೆ ಓದಿ ಎದ್ದು ನಿಂತಳು.

"ಮಿಸ್, ಹಂಗಾದ್ರೆ ಅವ್ನು ಯಾಕ್ ಕೊಂಡ?"