ಹತ್ತಿರ ಎಂದರೆ ಐದು ಕಿಲೋಮೀಟರ್

ಆ ಐದನ್ನು ಬರೆದವಳು ನಾನೇ. ಅದನ್ನು ಬೇರೆಯವರ ತಲೆಗೆ ಕಟ್ಟಲು ಆಮೇಲೆ ಸಾಕಷ್ಟು ಹೆಣಗಾಡಿದೆ, ಆಗಲಿಲ್ಲ.

ಚನ್ನಪಟ್ಟಣದಲ್ಲಿ ಒಂದು ಬೇಕರಿಯ ಮೇಲೆ ಎರಡು ಕೋಣೆಯ ಆಫೀಸು ನಮ್ಮದು. ರೇಷ್ಮೆ ಹುಳ ಸಾಕುವವರಿಗೆ ಹಿಪ್ಪುನೇರಳೆ ಸೊಪ್ಪು ಹುಡುಕಿಕೊಡುವ ಕೆಲಸ. ಹುಳ ಇದ್ದು ಸೊಪ್ಪು ಸಾಲದವರು, ಸೊಪ್ಪು ಇದ್ದು ಹುಳ ಇಲ್ಲದವರು ನಮ್ಮ ನಂಬರಿಗೆ ಮೆಸೇಜು ಕಳಿಸಿದರೆ ನಮ್ಮ ಪ್ರೋಗ್ರಾಂ ಅದನ್ನು ಓದಿ ಇಬ್ಬರನ್ನೂ ಜೋಡಿ ಮಾಡಬೇಕು. ನಾವಿದ್ದದ್ದು ಮೂವರು: ಇದನ್ನು ಶುರು ಮಾಡಿದ ಮೇಡಂ, ಪ್ರೋಗ್ರಾಂ ಬರೆಯುವ ಮಾಗಡಿಯವನು, ಅದರ ಬಾಯಿಗೆ ಕನ್ನಡ ತುಂಬುವ ನಾನು.

ಜನ ಬರೆಯುವುದು ನಾಲ್ಕೇ ಮಾತು. ಬೇಗ ಬೇಕು, ಹತ್ರ ಇರ್ಬೇಕು, ಜಾಸ್ತಿ ಬೇಕು, ರೇಟು ಕಮ್ಮಿ ಇರ್ಬೇಕು. ಪ್ರೋಗ್ರಾಮಿಗೆ ಅಂಕಿ ಇಲ್ಲದೆ ಹುಡುಕಲು ಬರುವುದಿಲ್ಲ. ಸರಿ, ಒಂದು ಮಧ್ಯಾಹ್ನ ದಿಲ್‌ಪಸಂದ್ ತಿನ್ನುತ್ತಾ ನಾವೇ ಕೂತು ಅಂಕಿ ನಿಗದಿ ಮಾಡಿದೆವು. ಬೇಗ ಎಂದರೆ ನಲವತ್ತೆಂಟು ಗಂಟೆ ಎಂದ ಮಾಗಡಿಯವನು. "ಬಂದ್ಬುಟ್ಟೆ" ಎಂದು ಫೋನಿನಲ್ಲಿ ಹೇಳಿ ಆಮೇಲೆ ಸ್ನಾನಕ್ಕೆ ಹೋಗುವ ಆಸಾಮಿ ಅವನು, ಅವನ ಲೆಕ್ಕಕ್ಕೆ ಅದು ಬೇಗವೇ. ಜಾಸ್ತಿ ಎಂದರೆ ಐವತ್ತು ಕೆಜಿ, ಕಮ್ಮಿ ಎಂದರೆ ಕೆಜಿಗೆ ಹದಿನೈದು ರೂಪಾಯಿ ಎಂದರು ಮೇಡಂ. ಹತ್ತಿರಕ್ಕೆ ನಾನು ಐದು ಕಿಲೋಮೀಟರ್ ಹಾಕಿದೆ, ಏಕೆಂದರೆ ಐದು ಕಿಲೋಮೀಟರ್ ದಾಟಿದರೆ ಸ್ಕೂಟರಿನಲ್ಲಿ ನನ್ನ ಸೊಂಟ ಹಿಡಿಯುತ್ತದೆ. ಇಡೀ ಜಿಲ್ಲೆಯ ರೇಷ್ಮೆ ನನ್ನ ಸೊಂಟದ ಮೇಲೆ ನಿಂತಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದು, ಅದು ಕೂಸಿಗೆ ಕೂರದಿದ್ದರೆ ಕೂಸಿನದೇ ತಪ್ಪು ಎನ್ನುವ ಜಂಬ ನಮ್ಮದು.

ಶುರುವಾದ ಮೊದಲ ವಾರವೇ ಹೊಂಗನೂರಿನಿಂದ ಒಬ್ಬ ಹೆಂಗಸಿನ ಮೆಸೇಜು ಬಂತು. "ಸೊಪ್ಪು ಬೇಗ ಬೇಕು. ಹತ್ರ ಇರ್ಬೇಕು. ಜಾಸ್ತಿ ಬೇಕು. ರೇಟು ಒಸಿ ನೋಡಿ." ಪ್ರೋಗ್ರಾಂ ಥಟ್ಟನೆ ಉತ್ತರ ಕೊಟ್ಟಿತು: ನಾಲ್ಕು ಕಿಲೋಮೀಟರ್ ದೂರದಲ್ಲಿ ಅರವತ್ತು ಕೆಜಿ ಇದೆ, ಕೆಜಿಗೆ ಹದಿನಾಲ್ಕು ರೂಪಾಯಿ, ನಾಡಿದ್ದು ಬೆಳಗ್ಗೆ ಸಿಗುತ್ತದೆ. ನಾಲ್ಕಕ್ಕೆ ನಾಲ್ಕೂ ಸರಿ. ನಾವು ಚಪ್ಪಾಳೆ ಹೊಡೆದೆವು. ಮಾಗಡಿಯವನು ಕೆಳಗಿನಿಂದ ಮೂರು ಪಫ್ಸು ತರಿಸಿದ.

ಪಫ್ಸು ಬಾಯಲ್ಲಿರುವಾಗಲೇ ಫೋನು ಬಂತು.

"ಏನವ್ವಾ, ನಾಡಿದ್ದು ಸೊಪ್ಪು ತಂದು ಹುಳಕ್ಕೆ ತಿಥಿ ಮಾಡಾಕಾ?" ಎಂದಳು ಆಕೆ.

ನನಗೆ ಮೊದಲು ಸಿಟ್ಟೇ ಬಂತು. "ನೀವು ಬೇಗ ಅಂದ್ರಿ ಅಕ್ಕ, ನಾಡಿದ್ದೂ ಬೇಗಾನೇ ಅಲ್ವಾ" ಎಂದುಬಿಟ್ಟೆ. ಆಕೆ ಬೈಯಲಿಲ್ಲ. "ನಾಕ್ನೇ ಜ್ವರ ಎದ್ದು ನಾಕ್ ದಿನ ಆಯ್ತು ಕಣವ್ವ. ಪಕ್ಕದ ಟೊಮೇಟೊಗೆ ಔಷ್ದಿ ಹೊಡ್ದು ಗಾಳೀಲಿ ನನ್ ತೋಟಕ್ಕೆಲ್ಲ ಬಂದ್ಬುಟ್ಟೈತೆ. ಆ ಸೊಪ್ಪು ಹಾಕಂಗಿಲ್ಲ" ಎಂದಳು.

ಪಫ್ಸನ್ನು ಪಕ್ಕಕ್ಕಿಟ್ಟೆ. ಹುಳ ಚರ್ಮ ಕಳಚಲು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಬಕಾಸುರನ ಸಂತಾನ, ಜನ್ಮದಲ್ಲಿ ತಿನ್ನುವುದರ ಹೆಚ್ಚು ಪಾಲನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ಆಗ ಹೊಟ್ಟೆಗಿಲ್ಲದಿದ್ದರೆ ಗೂಡು ಜೊಳ್ಳು, ಇಲ್ಲವೇ ಗೂಡೇ ಇಲ್ಲ. ಇಷ್ಟು ಗೊತ್ತಿದ್ದೂ ನಾನು ಆಕೆಯನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೋನು ಸ್ಪೀಕರಿಗೆ ಹಾಕಿ ಪೆನ್ನು ಹಿಡಿದೆ.

"ಎಷ್ಟು ಮೊಟ್ಟೆ ಅಕ್ಕ?"

"ನೂರು." ನಮ್ಮಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಅದರಲ್ಲಿ ನಾನೂರಕ್ಕೂ ಹೆಚ್ಚು ಹುಳ.

"ಇರೋ ಸೊಪ್ಪು ಎಷ್ಟೊತ್ತಿನವರೆಗೆ ಬರುತ್ತೆ?"

"ಮಧ್ಯಾಹ್ನದ್ದು ಹಾಕುದ್ರೆ ಮುಗೀತು. ಸಂಜೆ ಏಳಕ್ಕೆ ಹಾಕಾಕೆ ಒಂದೆಲೇನೂ ಇಲ್ಲ."

ಆಗ ಬೆಳಗ್ಗೆ ಹನ್ನೊಂದು. ಬೇಗ ಎಂದರೆ ಇನ್ನು ಎಂಟೇ ತಾಸು. ಜಾಸ್ತಿ ಎಂದರೆ ಸಂಜೆಗೆ ನೂರು ಕೆಜಿ, ಹುಳ ಹಣ್ಣಾಗಿ ಗೂಡಿಗೆ ಏರುವವರೆಗೆ ಒಟ್ಟು ಆರುನೂರು. ಕಮ್ಮಿ ಎಂದರೆ ಕೆಜಿಗೆ ಹನ್ನೆರಡು ರೂಪಾಯಿ, ಅದರ ಮೇಲೆ ಬೇಡ. ಒಂದೊಂದು ಅಂಕಿ ಸಿಕ್ಕಾಗಲೂ ಮಾಗಡಿಯವನು ಟಪಟಪ ಒತ್ತುತ್ತಿದ್ದ. ಐದು ಕಿಲೋಮೀಟರ್ ಒಳಗೆ ಏನೂ ಇಲ್ಲ. ಹತ್ತು ಮಾಡಿದ, ಬೈರಾಪಟ್ಟಣದ ಕಡೆಯೂ ಇಲ್ಲ. ಇಪ್ಪತ್ತು, ಇಲ್ಲ.

"ಎಷ್ಟು ಕಿಲೋಮೀಟರ್ ಆದ್ರೆ ಪರವಾಗಿಲ್ಲ?" ಎಂದೆ.

"ಕಿಲೋಮೀಟ್ರು ನಂಗೇನ್ ಗೊತ್ತು? ಹತ್ರ ಇದ್ರೆ ಆಯ್ತು."

ಇಲ್ಲಿ ನನ್ನ ಬುದ್ಧಿ ಅಪರೂಪಕ್ಕೆ ಕೆಲಸ ಮಾಡಿತು. "ಯಾವ ಊರಿನವರೆಗೆ ಹೋಗಿ ತರ್ತೀರಾ ಅಕ್ಕ?"

"ತಮ್ಮನ್ ಗೂಡ್ಸ್ ಆಟೋ ಐತೆ. ದೊಡ್ಡಆಲಹಳ್ಳಿಗಂಟ ಹೋಗ್ತಾನೆ."

ಮೂವರೂ ಮುಖ ಮುಖ ನೋಡಿಕೊಂಡೆವು. ಅದು ಕನಕಪುರವನ್ನೂ ದಾಟಿ.

"ಅದು ಹತ್ರಾನಾ?"

"ನಮ್ಮವ್ವನ ಮನೆ ಕಣವ್ವ. ತವ್ರು ದೂರ ಅಂತಾರಾ ಯಾರಾದ್ರೂ?"

ಮೇಡಂ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ನನಗೂ ನಗು, ಹೆದರಿಕೆ, ಎರಡೂ ಒಟ್ಟಿಗೆ. ಮಾಗಡಿಯವನು ಇಪ್ಪತ್ತನ್ನು ಅಳಿಸಿ ಅರವತ್ತು ಹಾಕಿದ. ದೊಡ್ಡಆಲಹಳ್ಳಿಯಲ್ಲೇ ಒಬ್ಬ ರೈತ ಮೂರು ದಿನದಿಂದ ಬರೆದು ಕೂತಿದ್ದ: "ಸೊಪ್ಪು ಬೇಕಾದಷ್ಟೈತೆ, ರೇಟು ಒಳ್ಳೇದು ಕೊಡಿ." ಈ ಸಲ ಅವನು ಹುಳ ತಂದಿರಲಿಲ್ಲ. ಅಷ್ಟು ದಿನವೂ ನನ್ನ ಸೊಂಟ ಅವನನ್ನು ಯಾರಿಗೂ ತೋರಿಸದೆ ಬಚ್ಚಿಟ್ಟಿತ್ತು.

ಅವನಿಗೆ ಫೋನು ಮಾಡಿದೆ. ಈಗ ನನಗೆ ಅಂಕಿಯ ಹುಚ್ಚು ಹಿಡಿದಿತ್ತು.

"ಬೇಕಾದಷ್ಟು ಅಂದ್ರೆ ಎಷ್ಟಣ್ಣ?"

"ಅರ್ಧ ಎಕ್ರೆ ನಿಂತೈತೆ."

"ಮೂರು ಗಂಟೆಯೊಳಗೆ ಎಷ್ಟು ಕೆಜಿ ಕೊಯ್ದು ಕೊಡ್ತೀರಾ?"

"ಮೂರ್ ಆಳು ಅವ್ರೆ. ನೂರೈವತ್ತು ಆಯ್ತದೆ. ಉಳಿಕೇದು ನಾಳೆ."

"ಒಳ್ಳೇ ರೇಟು ಅಂದ್ರೆ?"

"ಹತ್ತು ರೂಪಾಯಿ ಕೊಟ್ರೆ ಸಾಕು."

ಅವನ ಒಳ್ಳೆಯದು ಆಕೆಯ ಕಮ್ಮಿಗಿಂತ ಕಮ್ಮಿ. ಕುಣಿಯಬೇಕೆನಿಸಿತು. ಅಷ್ಟರಲ್ಲಿ ಟೊಮೇಟೊ ನೆನಪಾಯಿತು.

"ಔಷಧಿ ಏನಾದ್ರೂ ಹೊಡೆದಿದ್ರಾ?"

"ಅಯ್ಯೋ, ಹೊಡ್ದು ತುಂಬಾ ದಿನ ಆಯ್ತು."

"ತುಂಬಾ ಅಂದ್ರೆ ಎಷ್ಟು ದಿನ?"

ಅವನು ಹೆಂಡತಿಯನ್ನು ಕೂಗಿ ಕೇಳಿದ. ಹೆಂಡತಿ ಅದು ಯಾವ ವಾರ, ಯಾರ ಮನೆಯ ನಾಮಕರಣದ ಮಾರನೆ ದಿನ ಎಂದೆಲ್ಲ ಲೆಕ್ಕ ಹಾಕಿದಳು. ನಾವು ಮೂವರೂ ಫೋನಿನ ಮೇಲೆ ಬಾಗಿದೆವು. ಐದು ದಿನ ಎಂದಿದ್ದರೆ ಎಲ್ಲ ಮುಗಿದಂತೆ.

"ಇಪ್ಪತ್ತೆರಡು ದಿನ" ಎಂದ. ಹೊಂಗನೂರಿನಾಕೆಗೆ ಫೋನು ಮಾಡಿ ಕೇಳಿದೆ, ಎರಡು ವಾರ ದಾಟಿದರೆ ಆ ಔಷಧಿಯ ಭಯವಿಲ್ಲ ಎಂದಳು.

ತಮ್ಮನ ಆಟೋ ಹೊರಟಿತು. ಮಧ್ಯಾಹ್ನವೆಲ್ಲ ನಾವು ಕೆಲಸ ಮಾಡುವವರಂತೆ ನಟಿಸಿದೆವು. ಮಾಗಡಿಯವನು ನಾಲ್ಕು ಅಂಕಿಯನ್ನೂ ಕಿತ್ತುಹಾಕಿ, ಅವುಗಳ ಜಾಗದಲ್ಲಿ ನನ್ನ ಪ್ರಶ್ನೆಗಳನ್ನು ಸೇರಿಸಿದ: ಎಷ್ಟು ಮೊಟ್ಟೆ, ಮುಂದಿನ ಸೊಪ್ಪು ಎಷ್ಟು ಗಂಟೆಗೆ ಹಾಕಬೇಕು, ಯಾವ ಊರಿನವರೆಗೆ ಹೋಗುತ್ತೀರಿ, ಕೆಜಿಗೆ ಎಷ್ಟರವರೆಗೆ ಕೊಡುತ್ತೀರಿ. ಔಷಧಿ ಹೊಡೆದು ಎಷ್ಟು ದಿನ ಎಂಬುದನ್ನು ಸೊಪ್ಪು ಮಾರುವವರ ಮೊದಲ ಪ್ರಶ್ನೆ ಮಾಡಿದೆವು. ಐದು ಗಂಟೆಗೆ ನಾನು ತಮ್ಮನಿಗೆ ಫೋನು ಮಾಡಿ ಎಲ್ಲಿದ್ದೀರಿ ಎಂದೆ. "ಬಂದ್ಬುಟ್ಟೆ" ಎಂದ. ನಾನು ಮಾಗಡಿಯವನ ಮುಖ ನೋಡಿದೆ.

ಏಳಕ್ಕೆ ಹದಿನೈದು ನಿಮಿಷ ಇರುವಾಗ ಆಕೆಯ ಫೋನು ಬಂತು.

"ಬಂತು ಕಣವ್ವ. ಗೋಣಿ ನೆನ್ಸಿ ಮುಚ್ಕೊಂಡು ಬಂದವ್ನೆ, ಒಂದೆಲೆ ಬಾಡಿಲ್ಲ. ಇರು, ಕೇಳುಸ್ತೀನಿ" ಎಂದು ಫೋನನ್ನು ಹುಳದ ತಟ್ಟೆಯ ಪಕ್ಕ ಇಟ್ಟಳು. ಇಟ್ಟವಳು ಅದನ್ನು ಮರೆತು ಸೊಪ್ಪು ಹಾಕಲು ಹೋದಳು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಸಣ್ಣಗೆ ಚರಚರ ಎಂದು ಶುರುವಾಗಿ ಸ್ಪೀಕರಿನ ತುಂಬ ತುಂಬಿಕೊಂಡಿತು. ಸಾವಿರಾರು ಬಾಯಿ ಒಟ್ಟಿಗೆ ತಿನ್ನುತ್ತಿದ್ದವು. ಮೇಡಂ ಬಾಗಿಲು ಹಾಕಲು ಎದ್ದವರು ಮತ್ತೆ ಕೂತರು. ಮಾಗಡಿಯವನು ಕಣ್ಣೊರೆಸಿಕೊಂಡ, ನಾನು ನಗುತ್ತಾ ಅತ್ತೆ. ಮೂವರಲ್ಲಿ ಯಾರಿಗೂ ಆ ಫೋನು ಇಡಲು ಮನಸ್ಸಾಗಲಿಲ್ಲ.